ಅಮ್ಮನ ಮೆಟಲ್ ವಾಲ್ವ್‌ಗೆ ವಾರ್ಫರಿನ್ ಬಿಟ್ಟು ಹೊಸ ಮಾತ್ರೆ ಕೊಡಬಹುದಾ? ಆಟಿಯಲ್ಲಿ ಐಎನ್‌ಆರ್ 1.9ಕ್ಕೆ ಇಳಿದಿದೆ

ಶ್ವೇತಾ ಕಾರ್ಕಳ · ಜುಲೈ 29

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಸಣ್ಣವರಿರುವಾಗ ಬಂದ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಹಾಳಾಗಿತ್ತು. 2019ರಲ್ಲಿ ಮೈಟ್ರಲ್ ಜಾಗಕ್ಕೆ ಮೆಟಲ್ ವಾಲ್ವ್ ಹಾಕಿದರು. ಎದೆಬಡಿತ ಲಯ ತಪ್ಪುವ ತೊಂದರೆಯೂ ಉಂಟು, ಚೀಟಿಯಲ್ಲಿ ಎಎಫ್ ಅಂತ ಬರೆದಿದ್ದಾರೆ.

ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಸೋಮ, ಬುಧ, ಶುಕ್ರ 4 ಎಂಜಿ. ಉಳಿದ ನಾಲ್ಕು ದಿನ 5 ಎಂಜಿ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು ಅಂತ ಡಾಕ್ಟರು ಹೇಳಿದ್ದಾರೆ. ಮೇ ತಿಂಗಳಲ್ಲಿ 2.9 ಇತ್ತು, ಜೂನ್‌ನಲ್ಲಿ 2.8. ನಿನ್ನೆ 1.9 ಬಂತು. ಮಾತ್ರೆ ಒಂದು ದಿನವೂ ತಪ್ಪಿಲ್ಲ, ಡಬ್ಬಿಗೆ ನಾನೇ ತುಂಬಿಸಿ ಇಡುತ್ತೇನೆ. ಹೃದಯದ ಡಾಕ್ಟರು ಫೋನಿನಲ್ಲಿ, ಇನ್ನು ಎಲ್ಲ ದಿನವೂ 5 ಎಂಜಿ ಕೊಡಿ, ಒಂದು ವಾರ ಬಿಟ್ಟು ಮತ್ತೆ ರಕ್ತ ನೋಡಿಸಿ ಅಂದರು.

ಇಷ್ಟರಲ್ಲಿ ನಮ್ಮ ಊರಿನ ಪರಿಚಯದ ಡಾಕ್ಟರೊಬ್ಬರು, "ಎಂತಕ್ಕೆ ಇಷ್ಟು ಕಷ್ಟ? ಈಗ ಹೊಸ ಮಾತ್ರೆ ಬಂದಿದೆ. ರಕ್ತ ಪರೀಕ್ಷೆ ಬೇಡ, ಊಟದ ಪಥ್ಯ ಬೇಡ, ಎಎಫ್‌ಗೆ ಎಲ್ಲರೂ ಅದನ್ನೇ ಕೊಡುವುದು" ಅಂದರು. ಅಮ್ಮನಿಗೆ ಸೂಜಿ ಅಂದರೆ ಸಾಕಾಗಿದೆ. ಈ ಮಳೆಯಲ್ಲಿ ಬಸ್ಸು ಹಿಡಿದು ಲ್ಯಾಬಿಗೆ ಹೋಗುವುದೂ ಸುಲಭ ಅಲ್ಲ. ಬದಲಾಯಿಸಬಹುದಾ?

ಪ್ರಜ್ವಲ್ ಸುರತ್ಕಲ್ · ಜುಲೈ 29

ನಾನು ಬಿ.ಫಾರ್ಮ್ ಮಾಡಿ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಆ ಡಾಕ್ಟರು ಹೇಳಿದ್ದು ಸರಿಯೇ. ಎಎಫ್‌ಗೆ ಈಗ ಅಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಟ್ರಾನ್ ಇವೇ ಮೊದಲ ಆಯ್ಕೆ. ತಲೆಯೊಳಗೆ ರಕ್ತಸ್ರಾವ ಆಗುವುದು ವಾರ್ಫರಿನ್‌ಗಿಂತ ಕಡಿಮೆ. ಡೋಸ್ ಒಂದೇ ಸಮ, ಸೊಪ್ಪು ತಿಂದರೂ ತೊಂದರೆ ಇಲ್ಲ. ನಮ್ಮ ಅಂಗಡಿಯಲ್ಲೇ ವಾರ್ಫರಿನ್ ಕೇಳುವವರು ಕಡಿಮೆಯಾಗಿದ್ದಾರೆ. ರೇಟ್ ಸ್ವಲ್ಪ ಜಾಸ್ತಿ ಅಷ್ಟೇ, ಆದರೆ ಲ್ಯಾಬ್ ಖರ್ಚು, ಬಸ್ ಖರ್ಚು ಉಳಿಯುತ್ತದಲ್ವಾ.

ಕಾಪು ಶೆಟ್ರು · ಜುಲೈ 29

ನನಗೂ ಎರಡು ಸ್ಟೆಂಟ್ ಹಾಕಿದ್ದಾರೆ ಮಾರಾಯ್ರೆ. ರಕ್ತ ತೆಳು ಮಾಡುವ ಮಾತ್ರೆ ದಿನಾ ತಗೊಳ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ಐಎನ್‌ಆರ್ ಅಂತ ಕೇಳಿಲ್ಲ. ಬಂಗುಡೆ, ಬಸಳೆ ಎಲ್ಲ ತಿಂತೇನೆ. ನಿಮ್ಮ ಅಮ್ಮನಿಗೆ ಸುಮ್ನೆ ಹೆದರಿಸಿದ್ದಾರೆ ಅಂತ ಕಾಣುತ್ತದೆ.

ಮಾಲತಿ ಸಿಸ್ಟರ್, ಉಡುಪಿ · ಜುಲೈ 29

ಶ್ವೇತಾ, ಮೊದಲು ಒಂದು ಮಾತು. ಮಾತ್ರೆ ಬದಲಾಯಿಸಬೇಡಿ. ಹೃದಯದ ಡಾಕ್ಟರು ಹೇಳಿದ ಹಾಗೆ ವಾರ್ಫರಿನನ್ನೇ ಕೊಡಿ.

ನಾನು ಹೃದಯ ವಿಭಾಗದಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿ ಆಗುವ ತನಕ ವಾಲ್ವ್ ಹಾಕಿಸಿಕೊಂಡವರ ಐಎನ್‌ಆರ್ ಪುಸ್ತಕ ನೋಡುವುದೇ ನನ್ನ ಕೆಲಸ. ಪ್ರಜ್ವಲ್ ಹೇಳಿದ್ದು ಬರೀ ಎಎಫ್ ಇರುವವರಿಗೆ ಸರಿ. ಮೆಟಲ್ ವಾಲ್ವ್ ಇದ್ದರೆ ಆ ಮಾತು ನಡೆಯುವುದಿಲ್ಲ. ಚೀಟಿಯಲ್ಲಿ ಎಎಫ್ ಅಂತ ಓದಿದವರು ಕೆಳಗಿನ ಸಾಲಿನ ವಾಲ್ವ್ ನೋಡದೆ ಹೋಗುವುದು ಆಗಾಗ ಆಗುತ್ತದೆ.

ಶೆಟ್ರೇ, ನಿಮ್ಮದು ಕ್ಲೊಪಿಡೊಗ್ರೆಲ್ ಅಥವಾ ಆಸ್ಪಿರಿನ್ ಇರಬೇಕು. ಅವು ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುವ ಮಾತ್ರೆ. ಅವುಗಳಿಂದ ಐಎನ್‌ಆರ್ ಏರುವುದೇ ಇಲ್ಲ, ಹಾಗಾಗಿ ಯಾರೂ ಕೇಳಿಲ್ಲ. ವಾರ್ಫರಿನ್ ಕೆಲಸ ಮಾಡುವ ಜಾಗವೇ ಬೇರೆ. ಎರಡನ್ನೂ ಜನ "ರಕ್ತ ತೆಳು ಮಾತ್ರೆ" ಅಂತಲೇ ಕರೆಯುವುದರಿಂದ ಈ ಗೊಂದಲ.

ಪ್ರಜ್ವಲ್ ಸುರತ್ಕಲ್ · ಜುಲೈ 29

ಸಿಸ್ಟರ್, ನೀವು ಡಬಿಗಟ್ರಾನ್ ಪರೀಕ್ಷೆ ಮನಸ್ಸಲ್ಲಿಟ್ಟು ಹೇಳುತ್ತಿದ್ದೀರಿ ಅಂತ ಕಾಣುತ್ತದೆ. ಅದು 2013ರಷ್ಟು ಹಳೆಯದು. ಅದರಲ್ಲಿ ಹೆಚ್ಚಿನವರಿಗೆ ಆಪರೇಶನ್ ಆದ ಒಂದೇ ವಾರದೊಳಗೆ ಮಾತ್ರೆ ಶುರು ಮಾಡಿದ್ದರು. ಹಸಿ ಗಾಯದ ಮೇಲೆ ಕೊಟ್ಟರೆ ಯಾವ ಮಾತ್ರೆಯಾದರೂ ಎಡವಟ್ಟೇ. ಈ ಅಮ್ಮನಿಗೆ ಆಪರೇಶನ್ ಆಗಿ ವರ್ಷಗಳೇ ಆಗಿವೆ. ಮತ್ತೆ ಅಪಿಕ್ಸಬಾನ್ ಬೇರೆ ಜಾತಿಯ ಮಾತ್ರೆ, ಅದು ಕೆಲಸ ಮಾಡುವುದು ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಟೆನ್‌-ಎ ಮೇಲೆ.

ಮಾಲತಿ ಸಿಸ್ಟರ್, ಉಡುಪಿ · ಜುಲೈ 30

ಒಳ್ಳೆಯ ಪ್ರಶ್ನೆ ಪ್ರಜ್ವಲ್. ಅವತ್ತು ನಮ್ಮ ಡಾಕ್ಟರುಗಳೂ ಇದನ್ನೇ ಕೇಳಿದ್ದರು.

ನೀವು ಹೇಳಿದ್ದು ರೀ-ಅಲೈನ್ ಪರೀಕ್ಷೆ. 252 ಜನ ಇದ್ದರು. ಡಬಿಗಟ್ರಾನ್ ತಗೊಂಡವರಲ್ಲಿ ಒಂಬತ್ತು ಮಂದಿಗೆ ಸ್ಟ್ರೋಕ್ ಆಯಿತು, ವಾರ್ಫರಿನ್ ಗುಂಪಿನಲ್ಲಿ ಒಬ್ಬರಿಗೂ ಆಗಲಿಲ್ಲ. ರಕ್ತಸ್ರಾವವಾದರೂ ಕಡಿಮೆ ಆಯಿತಾ ಅಂದರೆ ಅದೂ ಜಾಸ್ತಿಯೇ. ಅರ್ಧದಲ್ಲೇ ನಿಲ್ಲಿಸಿದರು. ಆಗಲೂ ಕೆಲವರು ನಿಮ್ಮ ಹಾಗೆಯೇ, ಇದು ಹಸಿ ಗಾಯದ ತೊಂದರೆ, ಆ ಮಾತ್ರೆಯ ತೊಂದರೆ ಅಂದರು.

ಅದಕ್ಕೇ ಮುಂದೆ ಅಪಿಕ್ಸಬಾನ್ ಇಟ್ಟುಕೊಂಡು ಇನ್ನೊಂದು ಪರೀಕ್ಷೆ ಮಾಡಿದರು, ಪ್ರೊಆಕ್ಟ್ ಟೆನ್‌-ಎ ಅಂತ. ಈ ಸಲ ಮಾತ್ರೆಗೆ ಅನುಕೂಲ ಆಗುವಂಥವರನ್ನೇ ತಗೊಂಡರು. ವಾಲ್ವ್ ಅಯೋರ್ಟಿಕ್ ಜಾಗದ್ದು, ಅಲ್ಲಿ ಗಡ್ಡೆ ಕಟ್ಟುವುದು ಮೈಟ್ರಲ್‌ಗಿಂತ ಕಡಿಮೆ. ವಾಲ್ವ್ ಆನ್‌-ಎಕ್ಸ್ ಕಂಪನಿಯದ್ದು, ಕಡಿಮೆ ಐಎನ್‌ಆರ್ ಸಾಕು ಅಂತ ಹೆಸರು ಪಡೆದದ್ದು. ಆಪರೇಶನ್ ಆಗಿ ಮೂರು ತಿಂಗಳಾದರೂ ದಾಟಿರಬೇಕು ಅಂತ ಷರತ್ತು. ಇಷ್ಟಾದರೂ 2022ರಲ್ಲಿ ಅದನ್ನೂ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಅಪಿಕ್ಸಬಾನ್ ಗುಂಪಿನಲ್ಲಿ ವರ್ಷಕ್ಕೆ ನೂರರಲ್ಲಿ ನಾಲ್ಕು ಮಂದಿಗೆ ಗಡ್ಡೆಯ ತೊಂದರೆ ಬಂತು, ವಾರ್ಫರಿನ್ ಗುಂಪಿನಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಶ್ವೇತಾ ಅವರ ಅಮ್ಮನದ್ದು ಮೈಟ್ರಲ್, ಜೊತೆಗೆ ಎಎಫ್. ಆ ಪರೀಕ್ಷೆಯಲ್ಲಿದ್ದವರಿಗಿಂತ ಇವರಿಗೆ ಅಪಾಯ ಜಾಸ್ತಿಯೇ ಹೊರತು ಕಡಿಮೆ ಅಲ್ಲ.

ಯಾಕೆ ಹೀಗೆ ಅಂದರೆ, ರಕ್ತಕ್ಕೆ ಆ ಮೆಟಲ್, ಆ ಹೊಲಿಗೆಯ ಬಟ್ಟೆಯ ಬಳೆ ಎಲ್ಲ ಹೊರಗಿನ ವಸ್ತು. ಅದನ್ನು ಮುಟ್ಟಿದ ಕೂಡಲೇ ಹೆಪ್ಪುಗಟ್ಟುವ ಕೆಲಸ ಶುರುವಾಗುತ್ತದೆ, ಅದೂ ದಿನದ ಇಪ್ಪತ್ನಾಲ್ಕು ಗಂಟೆ. ಹೊಸ ಮಾತ್ರೆಗಳು ಆ ಸಾಲಿನ ಒಂದೇ ಒಂದು ಅಂಶವನ್ನು ತಡೆಯುತ್ತವೆ. ಮುಂದಿನ ಮಾತ್ರೆಯ ಹೊತ್ತಿಗೆ ರಕ್ತದಲ್ಲಿ ಅವುಗಳ ಪ್ರಮಾಣ ಇಳಿದಿರುತ್ತದೆ. ವಾರ್ಫರಿನ್ ಹಾಗಲ್ಲ. ಲಿವರ್ ತಯಾರಿಸುವ ಎರಡು, ಏಳು, ಒಂಬತ್ತು, ಹತ್ತು ಈ ನಾಲ್ಕೂ ಅಂಶಗಳನ್ನು ಒಟ್ಟಿಗೆ ಕಡಿಮೆ ಮಾಡಿ ಇಡುತ್ತದೆ.

ಪ್ರಜ್ವಲ್ ಸುರತ್ಕಲ್ · ಜುಲೈ 30

ಮೈಟ್ರಲ್ ಮೆಟಲ್‌ಗೆ ಬೇಡ ಅಂದರೆ ಒಪ್ಪಿದೆ. ಆದರೆ ನಮ್ಮಲ್ಲಿ ವಾಲ್ವ್ ಹಾಕಿಸಿಕೊಂಡ ಒಬ್ಬರು ರಿವರೊಕ್ಸಬಾನ್ ಒಯ್ಯುತ್ತಾರೆ. ಚೆನ್ನಾಗಿಯೇ ಇದ್ದಾರೆ. ಡಾಕ್ಟರೇ ಬರೆದು ಕೊಟ್ಟದ್ದು.

ಮಾಲತಿ ಸಿಸ್ಟರ್, ಉಡುಪಿ · ಜುಲೈ 30

ಅವರದ್ದು ಟಿಶ್ಯೂ ವಾಲ್ವ್ ಇರಬಹುದು, ಹಸು ಅಥವಾ ಹಂದಿಯ ಅಂಗಾಂಶದ್ದು. ಅದಕ್ಕೆ, ಎಎಫ್ ಇದ್ದರೆ, ಹೊಸ ಮಾತ್ರೆ ನಡೆಯುತ್ತದೆ. ಅವರ ಡಿಸ್ಚಾರ್ಜ್ ಸಮ್ಮರಿ ಒಮ್ಮೆ ತರಿಸಿ ನೋಡಿ. ಮೆಟಲ್ ಅಂತ ಇದ್ದರೆ ಮಾತ್ರೆ ಬರೆದ ಡಾಕ್ಟರಿಗೆ ಕೂಡಲೇ ಫೋನ್ ಮಾಡಿ. ಇನ್ನೊಂದು, ವಾಲ್ವ್ ಬದಲಾಯಿಸದೆ ಇದ್ದರೂ ರುಮ್ಯಾಟಿಕ್‌ನಿಂದ ಮೈಟ್ರಲ್ ಕಿರಿದಾಗಿ ಎಎಫ್ ಇರುವವರಿಗೆ ವಾರ್ಫರಿನ್ನೇ ಮೇಲು ಅಂತ 2022ರಲ್ಲಿ ಬಂದ ಇನ್ವಿಕ್ಟಸ್ ಪರೀಕ್ಷೆಯಲ್ಲಿ ಕಂಡಿತು. ನಮ್ಮ ಕಡೆ ಅಂಥವರು ಬೇಕಾದಷ್ಟು ಜನ ಇದ್ದಾರೆ.

ಮೂಡುಬಿದಿರೆ ಮೇಷ್ಟ್ರು · ಜುಲೈ 30

ನನ್ನದು ಚಿತ್ರಾ ವಾಲ್ವ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಮಾಡಿದ ನಮ್ಮದೇ ದೇಶದ್ದು. ಅಯೋರ್ಟಿಕ್ ಜಾಗಕ್ಕೆ ಹಾಕಿಸಿಕೊಂಡು ಇಪ್ಪತ್ತು ವರ್ಷ ದಾಟಿತು. ರಾತ್ರಿ ಮನೆ ಮೌನವಾದಾಗ ಟಿಕ್ ಟಿಕ್ ಕೇಳುತ್ತದೆ, ಮೊಮ್ಮಗ ಕಿವಿ ಇಟ್ಟು ಎಣಿಸುತ್ತಾನೆ.

ಶ್ವೇತಮ್ಮ, 1.9 ಅಂದರೆ ಅಷ್ಟೇನೂ ಹೆದರಬೇಡಿ. ನನಗೆ 2ರಿಂದ 3 ಅಂತ ಹೇಳಿದ್ದಾರೆ. 1.9 ಬಂದರೆ ಡೋಸ್ ಮುಟ್ಟುವುದೇ ಇಲ್ಲ, ಮುಂದಿನ ವಾರ ಇನ್ನೊಮ್ಮೆ ನೋಡಿಸಿ ಅನ್ನುತ್ತಾರೆ. ಹೆಚ್ಚಾಗಿ ತನ್ನಿಂದ ತಾನೇ ಸರಿಯಾಗಿರುತ್ತದೆ.

ಮಾಲತಿ ಸಿಸ್ಟರ್, ಉಡುಪಿ · ಜುಲೈ 30

ಮೇಷ್ಟ್ರೇ, ನಿಮಗೆ ಹೇಳಿದ್ದು ನಿಮ್ಮ ಮಟ್ಟಿಗೆ ಸರಿ. ನಿಮ್ಮ 1.9 ಗೆರೆಗಿಂತ ಬರೀ 0.1 ಕೆಳಗೆ. ಮೊದಲೆಲ್ಲ ಸರಿ ಇದ್ದು ಒಂದು ಸಲ 0.5ರ ಒಳಗೆ ಆಚೀಚೆ ಆದರೆ ಡೋಸ್ ಹಾಗೇ ಬಿಟ್ಟು ಒಂದೆರಡು ವಾರದಲ್ಲಿ ಮತ್ತೆ ನೋಡುವುದೇ ಪದ್ಧತಿ. ಪ್ರತಿ ಸಣ್ಣ ಏರಿಳಿತಕ್ಕೂ ಮಾತ್ರೆ ಬದಲಾಯಿಸುತ್ತಾ ಹೋದರೆ ಐಎನ್‌ಆರ್ ಒಂದು ಕಡೆ ನಿಲ್ಲುವುದೇ ಇಲ್ಲ.

ಆದರೆ ಈ ಅಮ್ಮನ ಗೆರೆ 2.5. ಅವರ 1.9 ಅಂದರೆ 0.6 ಕೆಳಗೆ. ಮೈಟ್ರಲ್ ಜಾಗದಲ್ಲಿ ರಕ್ತ ಹರಿಯುವ ರಭಸ ಕಡಿಮೆ, ಅಲ್ಲಿ ಗಡ್ಡೆ ಬೇಗ ಕಟ್ಟುತ್ತದೆ. ಎಎಫ್ ಇರುವಾಗ ಇನ್ನೂ ಜಾಸ್ತಿ. ಒಂದೇ ಅಂಕೆ ಇಬ್ಬರಿಗೆ ಬೇರೆ ಬೇರೆ ಅರ್ಥ ಕೊಡುವುದು ಹೀಗೆ. ಮೇಷ್ಟ್ರ ಚೀಟಿ ನೋಡಿ ಅಮ್ಮನ ಡೋಸ್ ತೀರ್ಮಾನ ಮಾಡಬೇಡಿ.

ಶ್ವೇತಾ, ಒಂದು ಕೇಳಲಾ? ಮಾತ್ರೆ ತಪ್ಪಿಲ್ಲ ಅಂದಿರಿ. ಹಾಗಾದರೆ ಜೂನ್‌ನಿಂದ ಈಚೆಗೆ ಬದಲಾದದ್ದು ಎಂತ? ಹೊಸ ಮಾತ್ರೆ, ಹಳ್ಳಿ ಮದ್ದು, ಊಟ?

ಶ್ವೇತಾ ಕಾರ್ಕಳ · ಜುಲೈ 30

ಹೊಸ ಮಾತ್ರೆ ಯಾವುದೂ ಇಲ್ಲ. ಊಟ ಅಂದರೆ, ಇದು ಆಟಿ ತಿಂಗಳಲ್ವಾ ಸಿಸ್ಟರ್. ಹಿತ್ತಲು ತುಂಬ ಸೊಪ್ಪು. ವಾರಕ್ಕೆ ಎರಡು ಮೂರು ಸಲ ಪತ್ರೊಡೆ. ತಜಂಕ್ ಪಲ್ಯ, ತಜಂಕ್ ವಡೆ. ಬಸಳೆ ಅಂತೂ ಇದ್ದೇ ಇದೆ. ಒಂದೆಲಗದ ಚಟ್ನಿ ಅಮ್ಮನಿಗೆ ದಿನಾ ಬೇಕು. ಬೇರೆ ತಿಂಗಳಲ್ಲಿ ವಾರಕ್ಕೆ ಒಂದು ದಿನ ಹರಿವೆ ಸಾಂಬಾರು ಮಾಡಿದರೆ ಹೆಚ್ಚು. ಇದರಿಂದ ಇಷ್ಟು ಇಳಿಯುತ್ತದಾ?

ಮಾಲತಿ ಸಿಸ್ಟರ್, ಉಡುಪಿ · ಜುಲೈ 30

ಇಳಿಯುತ್ತದೆ. ನಮ್ಮ ಪುಸ್ತಕದಲ್ಲಿ ಜುಲೈ, ಆಗಸ್ಟ್‌ನಲ್ಲಿ ಇಳಿದ ಐಎನ್‌ಆರ್ ಕಂಡರೆ ನಾವು ಮೊದಲು ಕೇಳುತ್ತಿದ್ದದ್ದೇ ಪತ್ರೊಡೆ ವಿಷಯ. ಲಿವರ್ ಆ ನಾಲ್ಕು ಅಂಶಗಳನ್ನು ತಯಾರಿಸಲು ವಿಟಮಿನ್ ಕೆ ಬೇಕು. ವಾರ್ಫರಿನ್ ಅದಕ್ಕೇ ಅಡ್ಡ ನಿಲ್ಲುವುದು. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ತುಂಬಾ ಇರುತ್ತದೆ. ಸೊಪ್ಪು ಜಾಸ್ತಿಯಾದರೆ ಅದೇ 4-5 ಎಂಜಿ ಸಾಲದೆ ಹೋಗುತ್ತದೆ.

ಈಗ ಲೆಕ್ಕ ನೋಡಿ. ವಾರ್ಫರಿನ್ ಡೋಸನ್ನು ದಿನಕ್ಕೆ ಎಷ್ಟು ಅಂತ ನೋಡಬಾರದು, ವಾರಕ್ಕೆ ಎಷ್ಟು ಅಂತ ನೋಡಬೇಕು. ಅಮ್ಮನದ್ದು ಮೂರು ದಿನ 4, ಅಂದರೆ 12. ನಾಲ್ಕು ದಿನ 5, ಅಂದರೆ 20. ಒಟ್ಟು ವಾರಕ್ಕೆ 32 ಎಂಜಿ. ಡಾಕ್ಟರು ಎಲ್ಲ ದಿನ 5 ಮಾಡಿದ್ದಾರೆ, ಅಂದರೆ 35. ಮೂರು ಎಂಜಿ ಜಾಸ್ತಿ, ನೂರಕ್ಕೆ ಒಂಬತ್ತರಷ್ಟು. ಸಾಮಾನ್ಯವಾಗಿ ನೂರಕ್ಕೆ ಐದರಿಂದ ಇಪ್ಪತ್ತರೊಳಗೆ ಏರಿಸುವುದು, ಇಳಿಸುವುದು. 1.9ಕ್ಕೆ ಹತ್ತರ ಆಸುಪಾಸು ಸರಿಯಾದ ಹೆಜ್ಜೆ. 4 ಇದ್ದ ದಿನಕ್ಕೆಲ್ಲ 6 ಕೊಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಇಪ್ಪತ್ತರ ಹತ್ತಿರ ಹೋಗುತ್ತದೆ.

ಒಂದು ವಾರ ಬಿಟ್ಟು ರಕ್ತ ನೋಡಿಸಿ ಅಂದದ್ದಕ್ಕೂ ಕಾರಣ ಉಂಟು. ಇವತ್ತು ಡೋಸ್ ಏರಿಸಿದರೆ ಏಳನೇ ಅಂಶ ಬೇಗ ಇಳಿಯುತ್ತದೆ, ಹಾಗಾಗಿ ಎರಡು ಮೂರು ದಿನದಲ್ಲೇ ಐಎನ್‌ಆರ್ ಸ್ವಲ್ಪ ಏರಿದ ಹಾಗೆ ಕಾಣುತ್ತದೆ. ಆದರೆ ಗಡ್ಡೆ ತಡೆಯುವುದಕ್ಕೆ ಮುಖ್ಯವಾಗಿ ಇಳಿಯಬೇಕಾದದ್ದು ಎರಡನೇ ಅಂಶ. ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲಿಕ್ಕೇ ಸುಮಾರು ಮೂರು ದಿನ ಬೇಕು. ಮೂರನೇ ದಿನ ನೋಡಿಸಿ "ಸಾಕಷ್ಟು ಏರಲಿಲ್ಲ" ಅಂತ ಇನ್ನೂ ಒಂದು ಮಾತ್ರೆ ಸೇರಿಸಿದವರು ಹತ್ತನೇ ದಿನ ಮೂಗಿನಲ್ಲಿ ರಕ್ತ ಬಂತು ಅಂತ ಓಡಿ ಬರುತ್ತಿದ್ದರು.

ಸೊಪ್ಪು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ದಿನ ಕೆಸುವಿನ ಎಲೆ ರಾಶಿ, ಮುಂದಿನ ವಾರ ಏನೂ ಇಲ್ಲ ಅಂತ ಆಗಬಾರದು. ಇನ್ನು ಆಟಿ ಮುಗಿಯುವಾಗ ನೆನಪಿಡಿ. ಸೊಪ್ಪು ನಿಂತು ಡೋಸ್ 35ರಲ್ಲೇ ಉಳಿದರೆ ಐಎನ್‌ಆರ್ ಏರಲು ಶುರುವಾಗುತ್ತದೆ. ಸೋಣ ತಿಂಗಳು ಬಂದ ಮೇಲೆ ಡಾಕ್ಟರಿಗೆ ಇದನ್ನು ನೀವಾಗಿಯೇ ಹೇಳಬೇಕು, ಅವರು ಕೇಳಲಿ ಅಂತ ಕಾಯಬೇಡಿ.

ಬ್ರಹ್ಮಾವರ ವಿದ್ಯಾ · ಜುಲೈ 31

ನಮ್ಮ ಅಣ್ಣನಿಗೂ ಮೆಟಲ್ ವಾಲ್ವ್. ಆದರೆ ಅವನಿಗೆ ಕೊಡುವುದು ಅಸಿಟ್ರೋಮ್ 2 ಎಂಜಿ. ನಿಮ್ಮಲ್ಲಿ 5 ಎಂಜಿ ಅಂತೀರಿ, ಅವನಿಗೆ ಕಡಿಮೆ ಆಗುತ್ತಿದೆಯಾ ಅಂತ ಭಯ ಆಯಿತು. ಮತ್ತೆ ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿಯಬಹುದಾ? ಮನೆಯಲ್ಲಿ ಎಲ್ಲರೂ ಕುಡಿಯುತ್ತಾರೆ.

ಪ್ರಜ್ವಲ್ ಸುರತ್ಕಲ್ · ಜುಲೈ 31

ವಿದ್ಯಾ ಅಕ್ಕ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಅಸಿಟ್ರೋಮ್ ಅಂದರೆ ಅಸಿನೊಕೌಮರಾಲ್. ವಾರ್ಫರಿನ್‌ನ ಜಾತಿಯೇ, ಐಎನ್‌ಆರ್‌ನಲ್ಲೇ ನೋಡುವುದು, ಆದರೆ ಎಂಜಿ ಲೆಕ್ಕ ಬೇರೆ. ಅದರ ಶಕ್ತಿ ಜಾಸ್ತಿ, ಹಾಗಾಗಿ 2 ಎಂಜಿಯಲ್ಲೇ ಕೆಲಸ ಆಗಬಹುದು. ಮೈಯಿಂದ ಬೇಗ ಹೋಗಿಬಿಡುತ್ತದೆ, ಹಾಗಾಗಿ ಒಂದು ದಿನ ತಪ್ಪಿದರೂ ಬೇಗ ಗೊತ್ತಾಗುತ್ತದೆ. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತ ಅದರ ಬದಲು ವಾರ್ಫ್ ಕೊಟ್ಟರೆ ಯಾವ ಕಾರಣಕ್ಕೂ ತಗೊಳ್ಳಬೇಡಿ. ಎರಡರ ಮೇಲೂ ಎಂಜಿ ಅಂತ ಇರುವುದರಿಂದ ಜನ ಏಮಾರುತ್ತಾರೆ.

ಮಾಲತಿ ಸಿಸ್ಟರ್, ಉಡುಪಿ · ಜುಲೈ 31

ಪ್ರಜ್ವಲ್ ಹೇಳಿದ್ದು ಪೂರ್ತಿ ಸರಿ. ಕಷಾಯದ ವಿಷಯದಲ್ಲಿ ನಾನು ಹಳೆ ಕಾಲದವಳು, ಆದರೂ ಹೇಳುತ್ತೇನೆ, ಮೆಟಲ್ ವಾಲ್ವ್ ಇದ್ದವರಿಗೆ ಬೇಡ. ಅದರಲ್ಲಿರುವ ಅಂಶ ಎಷ್ಟು ಅಂತ ಅಳೆದು ಕುಡಿಯುವುದಿಲ್ಲ. ಉಳಿದವರು ಕುಡಿಯಲಿ, ಅಣ್ಣನಿಗೆ ಮೆಂತೆ ಗಂಜಿ ಕೊಡಿ.

ಕಾಪು ಶೆಟ್ರು · ಜುಲೈ 31

ಪಾಲೆ ಕಷಾಯ ಕುಡಿದವರಿಗೆ ಎಂತದೂ ಆಗಿಲ್ಲ, ನಮ್ಮ ಅಜ್ಜ 90 ವರ್ಷ ಬದುಕಿದ್ದರು. ಅವರಿಗೆ ವಾಲ್ವ್ ಇರಲಿಲ್ಲ ಅನ್ನುವುದು ಬೇರೆ ವಿಷಯ.

ಲ್ಯಾಬ್ ರೋಶನ್, ಮಂಗಳೂರು · ಆಗಸ್ಟ್ 1

ತಡವಾಗಿ ಓದಿದೆ. ಲ್ಯಾಬ್ ಕಡೆಯಿಂದ ಒಂದು ಮಾತು. ಐಎನ್‌ಆರ್‌ಗೆ ರಕ್ತ ತೆಗೆಯುವುದು ನೀಲಿ ಮುಚ್ಚಳದ ಟ್ಯೂಬಿಗೆ. ಅದರಲ್ಲಿ ಮೊದಲೇ ಸಿಟ್ರೇಟ್ ದ್ರವ ಇರುತ್ತದೆ. ಒಂದು ಪಾಲು ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ ಬೇಕು. ಟ್ಯೂಬಿನ ಮೇಲೆ ಗೆರೆ ಇರುತ್ತದೆ, ರಕ್ತ ಅಲ್ಲಿ ತನಕ ಬರಲೇಬೇಕು. ನರ ಸಿಗದೆ ಅರ್ಧ ತುಂಬಿಸಿ ಬಿಟ್ಟರೆ ಸಿಟ್ರೇಟ್ ಜಾಸ್ತಿಯಾಗಿ ಐಎನ್‌ಆರ್ ಸುಳ್ಳೇ ಏರಿದ ಹಾಗೆ ತೋರಿಸುತ್ತದೆ. ಅಂಥ ಟ್ಯೂಬನ್ನು ನಾವು ವಾಪಸ್ ಕಳಿಸುತ್ತೇವೆ, ಎಲ್ಲ ಕಡೆ ಕಳಿಸುತ್ತಾರೆ ಅಂತ ಹೇಳಲಾರೆ. ಸೂಜಿ ತೆಗೆಯುವ ಮೊದಲು ನೀವೇ ಗೆರೆ ನೋಡಿ.

ಇನ್ನೊಂದು, ರಿಪೋರ್ಟಿನಲ್ಲಿ ಐಎಸ್‌ಐ ಅಂತ ಒಂದು ಅಂಕೆ ಇರುತ್ತದೆ. ಅದು ಆ ರಾಸಾಯನಿಕದ ಬಾಟಲಿಯ ಗುಣಾಂಕ. ರೋಗಿಯ ಸಮಯ 30 ಸೆಕೆಂಡ್, ಆರೋಗ್ಯವಂತರ ಸರಾಸರಿ 12 ಅಂತಿಟ್ಟುಕೊಳ್ಳಿ, ಭಾಗಿಸಿದರೆ 2.5. ಐಎಸ್‌ಐ 1.0 ಇದ್ದರೆ ಐಎನ್‌ಆರ್ ಕೂಡ 2.5. ಬಾಟಲಿ ಬದಲಾಗಿ ಐಎಸ್‌ಐ 1.2 ಆಗಿರುವಾಗಲೂ ಅದೇ ಸೆಕೆಂಡ್ ಬಂದರೆ ಐಎನ್‌ಆರ್ 3.0 ಆಗುತ್ತದೆ. ಹೊಸ ಬಾಟಲಿ ಬಂದಾಗ ಈ ಅಂಕೆಯನ್ನು ಮೆಷಿನ್‌ನಲ್ಲಿ ಬದಲಾಯಿಸದೆ ಬಿಟ್ಟರೆ ರಿಪೋರ್ಟ್ ಅಷ್ಟು ತಪ್ಪುತ್ತದೆ. ಆದಷ್ಟು ಒಂದೇ ಲ್ಯಾಬಿಗೆ ಹೋಗಿ ಅನ್ನುವುದು ಇದಕ್ಕೇ. ಅಂಕೆ ನಂಬುವಂತಿಲ್ಲ ಅನಿಸಿದರೆ ಡೋಸ್ ಬದಲಾಯಿಸುವ ಮೊದಲು ಇನ್ನೊಮ್ಮೆ ರಕ್ತ ಕೊಡಿ.

ಶ್ವೇತಾ ಕಾರ್ಕಳ · ಆಗಸ್ಟ್ 5

ಎಲ್ಲರಿಗೂ ಧನ್ಯವಾದ. ಹೊಸ ಮಾತ್ರೆ ಬೇಡ ಅಂತ ತೀರ್ಮಾನ ಆಯಿತು. ಹೃದಯದ ಡಾಕ್ಟರೂ ಅದನ್ನೇ ಹೇಳಿದರು. ಇವತ್ತು ಐಎನ್‌ಆರ್ 2.7. ಟ್ಯೂಬಿನ ಗೆರೆ ನೋಡಿದೆ, ರಕ್ತ ತೆಗೆಯುವ ಹುಡುಗಿ ನನ್ನನ್ನೇ ವಿಚಿತ್ರವಾಗಿ ನೋಡಿದಳು. ವಾರಕ್ಕೆ 35 ಮುಂದುವರಿಸಲು ಹೇಳಿದ್ದಾರೆ, ಎರಡು ವಾರ ಬಿಟ್ಟು ಮತ್ತೆ ನೋಡಬೇಕು.

ಶ್ವೇತಾ ಕಾರ್ಕಳ · ಆಗಸ್ಟ್ 26

ಮತ್ತೆ ಬಂದೆ. 19ಕ್ಕೆ ನೋಡಿಸಿದಾಗ 3.2 ಇತ್ತು. ಮರುದಿನ ಅಮ್ಮನಿಗೆ ಬೇಧಿ ಶುರುವಾಯಿತು, ಮೂರು ದಿನ ಬರೀ ಗಂಜಿ ನೀರು. ಹತ್ತಿರದ ಕ್ಲಿನಿಕ್‌ನಲ್ಲಿ ಮೆಟ್ರೊನಿಡಜೋಲ್ ಐದು ದಿನಕ್ಕೆ ಕೊಟ್ಟರು. ವಾರ್ಫರಿನ್ ತಗೊಳ್ಳುತ್ತಿದ್ದಾರೆ ಅಂತ ಹೇಳಿದ್ದೆ, ಏನೂ ಆಗುವುದಿಲ್ಲ ಅಂದರು. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ. ಐಎನ್‌ಆರ್ 5.4! ಹೃದಯದ ಡಾಕ್ಟರು ಎರಡು ದಿನ ವಾರ್ಫರಿನ್ ನಿಲ್ಲಿಸಿ, 28ಕ್ಕೆ ಮತ್ತೆ ನೋಡಿಸಿ ಅಂದಿದ್ದಾರೆ. ಬರೀ ಇಷ್ಟು ಸಾಕಾ?

ಪ್ರಜ್ವಲ್ ಸುರತ್ಕಲ್ · ಆಗಸ್ಟ್ 26

5.4 ಅಂದರೆ ಜಾಸ್ತಿ ಆಯಿತು. ವಿಟಮಿನ್ ಕೆ ಇಂಜೆಕ್ಷನ್ ಒಂದು ಹಾಕಿಸಿಬಿಟ್ಟರೆ ಒಂದೇ ದಿನದಲ್ಲಿ ಇಳಿಯುತ್ತದೆ.

ಮಾಲತಿ ಸಿಸ್ಟರ್, ಉಡುಪಿ · ಆಗಸ್ಟ್ 26

ಬೇಡ ಪ್ರಜ್ವಲ್, ಮೆಟಲ್ ವಾಲ್ವ್ ಇದ್ದವರಿಗೆ ಹಾಗೆ ಸುಲಭವಾಗಿ ಇಂಜೆಕ್ಷನ್ ಹಾಕಿಸುವಂತಿಲ್ಲ. ದೊಡ್ಡ ಡೋಸ್ ವಿಟಮಿನ್ ಕೆ ಬಿದ್ದರೆ ಐಎನ್‌ಆರ್ 1ರ ಹತ್ತಿರ ಇಳಿಯುತ್ತದೆ. ಆಮೇಲೆ ಎಷ್ಟೋ ದಿನ ವಾರ್ಫರಿನ್ ಕೊಟ್ಟರೂ ಏರುವುದಿಲ್ಲ. ಅಷ್ಟು ದಿನ ವಾಲ್ವ್‌ಗೆ ರಕ್ಷಣೆ ಇಲ್ಲ, ಹೆಪಾರಿನ್ ಚುಚ್ಚಬೇಕಾಗುತ್ತದೆ. ದೊಡ್ಡ ರಕ್ತಸ್ರಾವ ಇಲ್ಲದೆ 4.5ರಿಂದ 10ರ ಒಳಗೆ ಇದ್ದರೆ ಒಂದೆರಡು ಡೋಸ್ ನಿಲ್ಲಿಸಿ ಬೇಗ ಮತ್ತೆ ನೋಡುವುದೇ ಸರಿ. ಡಾಕ್ಟರು ಅದನ್ನೇ ಮಾಡಿದ್ದಾರೆ. ಜೀವಕ್ಕೆ ಅಪಾಯದ ರಕ್ತಸ್ರಾವ ಆದರೆ ಕಥೆ ಬೇರೆ, ಅದನ್ನು ಆಸ್ಪತ್ರೆಯಲ್ಲೇ ನೋಡಬೇಕು.

ಶ್ವೇತಾ, ಇಲ್ಲಿ ಮೂರು ಕಾರಣ ಒಟ್ಟಿಗೆ ಸೇರಿವೆ. ಆಟಿ ಮುಗಿದು ಸೊಪ್ಪು ನಿಂತಿತು. ಬೇಧಿಯಲ್ಲಿ ಊಟವೇ ಇಲ್ಲ. ಎಲ್ಲಕ್ಕಿಂತ ದೊಡ್ಡದು ಮೆಟ್ರೊನಿಡಜೋಲ್. ಅದು ಲಿವರ್ ವಾರ್ಫರಿನ್ ಒಡೆಯುವ ಕೆಲಸವನ್ನೇ ನಿಧಾನ ಮಾಡುತ್ತದೆ. ಅದೇ 5 ಎಂಜಿ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕೋಟ್ರೈಮೊಕ್ಸಜೋಲ್, ಫ್ಲುಕೊನಜೋಲ್ ಕೂಡ ಹೀಗೆಯೇ. ಇಂಥವು ಕೊಟ್ಟಾಗ ಮೂರರಿಂದ ಐದು ದಿನದೊಳಗೆ ಒಂದು ಐಎನ್‌ಆರ್ ಮಾಡಿಸಲೇಬೇಕು. ಟಿಬಿಯ ರಿಫಾಂಪಿಸಿನ್ ಇದಕ್ಕೆ ಪೂರ್ತಿ ಉಲ್ಟಾ, ಐಎನ್‌ಆರ್ ಇಳಿಸಿಬಿಡುತ್ತದೆ.

ಈ ಎರಡು ದಿನ ಅಮ್ಮ ಬೀಳದ ಹಾಗೆ ನೋಡಿಕೊಳ್ಳಿ, ಅಂಗಳದಲ್ಲಿ ಪಾಚಿ ಇರುತ್ತದೆ. ಮೈಕೈ ನೋವಿಗೆ ಡೈಕ್ಲೊಫೆನಾಕ್ ಬೇಡ. ಮಲ ಕಪ್ಪಾದರೆ, ಹಿಂದೆ ಎಂದೂ ಬಾರದಂಥ ತಲೆನೋವು ಬಂದರೆ, ತಲೆಗೆ ಪೆಟ್ಟು ಬಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಶ್ವೇತಾ ಕಾರ್ಕಳ · ಆಗಸ್ಟ್ 28

3.4ಕ್ಕೆ ಇಳಿಯಿತು. ರಕ್ತ ನಿಂತಿದೆ, ಬೇಧಿಯೂ ನಿಂತಿದೆ, ಮೆಟ್ರೊನಿಡಜೋಲ್ ಕೋರ್ಸ್ ಮುಗಿದಿದೆ. ಇವತ್ತು ರಾತ್ರಿಯಿಂದ ಮತ್ತೆ ಶುರು ಮಾಡಲು ಹೇಳಿದ್ದಾರೆ. ಡೋಸ್ 35 ಅಲ್ಲ, ಹಳೆಯ 32.

ನನ್ನ ಮಾವನವರು, "5.4 ಆಯಿತಲ್ಲ, ಇನ್ನು ದಿನಕ್ಕೆ 3 ಎಂಜಿ ಸಾಕು" ಅನ್ನುತ್ತಿದ್ದಾರೆ. ಸಿಸ್ಟರ್, ಏನು ಹೇಳಲಿ?

ಮಾಲತಿ ಸಿಸ್ಟರ್, ಉಡುಪಿ · ಆಗಸ್ಟ್ 28

ಮಾವನವರಿಗೆ ಜೂನ್ ತಿಂಗಳ ಪುಟ ತೋರಿಸಿ. ಸೊಪ್ಪು ಮಾಮೂಲಿ ಇದ್ದಾಗ, ಬೇರೆ ಮಾತ್ರೆ ಇಲ್ಲದಾಗ 32ಕ್ಕೆ 2.8 ಇತ್ತು. ಈಗ ಮತ್ತೆ ಅದೇ ಸ್ಥಿತಿ. ದಿನಕ್ಕೆ 3 ಅಂದರೆ ವಾರಕ್ಕೆ 21, ಮೂರನೇ ಒಂದು ಭಾಗ ಕಡಿಮೆ. 5.4 ತಂದದ್ದು ಆ ಐದು ದಿನದ ಮಾತ್ರೆ, ಅದು ಹೋಯಿತು. ಹೋದ ಕಾರಣಕ್ಕೆ ಡೋಸ್ ಕತ್ತರಿಸಿದರೆ ಎರಡು ವಾರದಲ್ಲಿ 1.5 ಕಾಣಬೇಕಾಗುತ್ತದೆ. ವಾಲ್ವ್‌ನಲ್ಲಿ ಗಡ್ಡೆ ಕಟ್ಟಿದವರ ಫೈಲ್ ತಿರುಗಿಸಿದರೆ ಹಿಂದಿನ ಪುಟದಲ್ಲಿ ಇಂಥದ್ದೊಂದು ಕಡಿತ ಎಷ್ಟೋ ಸಲ ಕಾಣುತ್ತಿತ್ತು.

ಮೂಡುಬಿದಿರೆ ಮೇಷ್ಟ್ರು · ಆಗಸ್ಟ್ 29

ಗಡ್ಡೆ ಕಟ್ಟಿದರೆ ಹೊರಗೆ ಗೊತ್ತಾಗುತ್ತದಾ ಸಿಸ್ಟರ್?

ಮಾಲತಿ ಸಿಸ್ಟರ್, ಉಡುಪಿ · ಆಗಸ್ಟ್ 29

ನಿಮ್ಮ ಮೊಮ್ಮಗ ಎಣಿಸುವ ಟಿಕ್ ಟಿಕ್ ಉಂಟಲ್ಲ, ಅದು ಮಂಕಾದರೆ ಅಥವಾ ಕೇಳದೆ ಹೋದರೆ ಅನುಮಾನಪಡಬೇಕು. ಜೊತೆಗೆ ಹೊಸದಾಗಿ ಏದುಸಿರು, ಮಲಗಿದರೆ ಉಸಿರು ಕಟ್ಟುವುದು. ಮಾತು ತೊದಲಿದರೆ, ಒಂದು ಕೈ ಸೋತರೆ ಅಲ್ಲಿಂದ ತುಣುಕು ಹೊರಟು ಮೆದುಳಿಗೆ ಹೋಗಿರಬಹುದು. ಇದರಲ್ಲಿ ಯಾವುದಾದರೂ ಆದರೆ ಐಎನ್‌ಆರ್ ರಿಪೋರ್ಟ್ ಬರಲಿ ಅಂತ ಕಾಯಬಾರದು. ಎಕೋ ಮಾಡುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು.

ಪ್ರಜ್ವಲ್ ಸುರತ್ಕಲ್ · ಆಗಸ್ಟ್ 29

ಸಿಸ್ಟರ್ ಹೇಳಿದ ಮೇಲೆ ಆ ಗಿರಾಕಿಯ ಸಮ್ಮರಿ ತರಿಸಿ ನೋಡಿದೆ. ಟಿಶ್ಯೂ ವಾಲ್ವೇ. ಆದರೂ ನನ್ನ ಅಭಿಪ್ರಾಯ ಒಂದು ಉಂಟು. ಅಯೋರ್ಟಿಕ್ ಮೆಟಲ್ ವಾಲ್ವ್‌ನವರಿಗಾದರೂ ಮುಂದೆ ಬೇರೆ ಮಾತ್ರೆ ಬಂದೇ ಬರುತ್ತದೆ. ಕಾರ್ಕಳದಂಥ ಊರಲ್ಲೇ ಇಷ್ಟು ಕಷ್ಟ, ಇನ್ನು ಘಟ್ಟದ ಬುಡದ ಹಳ್ಳಿಯವರು ಪ್ರತಿ ತಿಂಗಳು ಐಎನ್‌ಆರ್ ಹೇಗೆ ನೋಡಿಸುತ್ತಾರೆ? ನೋಡಿಸದೆ ವಾರ್ಫರಿನ್ ನುಂಗುವುದೂ ಅಪಾಯವೇ ಅಲ್ವಾ.

ಮಾಲತಿ ಸಿಸ್ಟರ್, ಉಡುಪಿ · ಆಗಸ್ಟ್ 29

ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ ಪ್ರಜ್ವಲ್. ಲ್ಯಾಬ್ ದೂರ ಅಂತ ಆಪರೇಶನ್‌ಗೆ ಮೊದಲೇ ಟಿಶ್ಯೂ ವಾಲ್ವ್ ಕೇಳಿದವರಿದ್ದಾರೆ. ಸಣ್ಣ ಪ್ರಾಯದಲ್ಲಿ ಅದನ್ನು ಹಾಕಿದರೆ ಕೆಲವು ವರ್ಷಕ್ಕೆ ಸವೆದು ಮತ್ತೆ ಎದೆ ತೆರೆಯಬೇಕು. ಡಾಕ್ಟರುಗಳೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಶ್ವೇತಾ ಕಾರ್ಕಳ · ಸೆಪ್ಟೆಂಬರ್ 11

ಐಎನ್‌ಆರ್ 2.9. ಅಮ್ಮ ಆರಾಮ. ಈಗ ತಮ್ಮ ದುಬೈಯಿಂದ ಮನೆಯಲ್ಲೇ ನೋಡುವ ಮೀಟರ್ ತಂದಿದ್ದಾನೆ, ಬೆರಳು ಚುಚ್ಚಿ ಒಂದು ಹನಿ ಹಾಕುವಂಥದ್ದು. ಅದೇ ದಿನ ನೋಡಿದರೆ ಅದರಲ್ಲಿ 3.2 ತೋರಿಸಿತು. ಯಾವುದನ್ನು ನಂಬಲಿ?

ಲ್ಯಾಬ್ ರೋಶನ್, ಮಂಗಳೂರು · ಸೆಪ್ಟೆಂಬರ್ 11

2.9 ಮತ್ತು 3.2 ನಡುವೆ ಅಷ್ಟು ವ್ಯತ್ಯಾಸ ಸಹಜ. ಎರಡೂ ಗೆರೆಯ ಒಳಗೇ ಇವೆ, ಡೋಸ್ ಬದಲಾಗುವುದಿಲ್ಲ. ಇನ್ನೂ ಒಂದೆರಡು ಸಲ ಲ್ಯಾಬಿಗೆ ಹೋದ ದಿನವೇ ಮೀಟರ್‌ನಲ್ಲೂ ನೋಡಿ ಪುಸ್ತಕದಲ್ಲಿ ಅಕ್ಕಪಕ್ಕ ಬರೆದಿಡಿ. ಮೀಟರ್ 4ಕ್ಕಿಂತ ಮೇಲೆ ತೋರಿಸಿದರೆ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳಿ, ಏರಿದಷ್ಟೂ ಅದರ ಅಂಕೆ ಲ್ಯಾಬಿನಿಂದ ದೂರ ಹೋಗುತ್ತದೆ. ಬೆರಳನ್ನು ಗಟ್ಟಿಯಾಗಿ ಹಿಂಡಿ ಹನಿ ತೆಗೆಯಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಮುಚ್ಚಿ, ನಮ್ಮ ಊರಿನ ತೇವಕ್ಕೆ ಅದು ಬೇಗ ಕೆಡುತ್ತದೆ.

ಮೂಡುಬಿದಿರೆ ಮೇಷ್ಟ್ರು · ಸೆಪ್ಟೆಂಬರ್ 12

ಸ್ಟ್ರಿಪ್ ಇಲ್ಲಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ ಶ್ವೇತಮ್ಮ. ನನ್ನ ಮಗ ತಂದ ಮೀಟರ್ ಸ್ಟ್ರಿಪ್ ಇಲ್ಲದೆ ಕಪಾಟಿನಲ್ಲಿ ಕೂತಿದೆ. ನಾನು ಮತ್ತೆ ಅದೇ ಬಸ್ಸು, ಅದೇ ಲ್ಯಾಬು.

ಪ್ರಜ್ವಲ್ ಸುರತ್ಕಲ್ · ಸೆಪ್ಟೆಂಬರ್ 12

ಮೇಷ್ಟ್ರೇ, ಮೀಟರಿನ ಹಿಂದಿರುವ ಮಾಡೆಲ್ ನಂಬರ್ ಫೋಟೋ ತೆಗೆದು ಕಳಿಸಿ. ನಮ್ಮ ಡಿಸ್ಟ್ರಿಬ್ಯೂಟರ್ ಹತ್ತಿರ ಕೇಳಿ ಹೇಳುತ್ತೇನೆ.